ಒಳಗೋಡೆಗೆ ಎಷ್ಟು ಬ್ಲಾಕ್, ಎಷ್ಟು ಮೂಟೆ ಗಮ್?

ಪ್ರಶ್ನೆ: ಸರ್, ಮೊದಲ ಮಹಡಿಯಲ್ಲಿ ಹಾಲ್ ಮತ್ತು ಬೆಡ್‌ರೂಮ್ ನಡುವೆ 4 ಇಂಚಿನ ಗೋಡೆ ಕಟ್ಟಬೇಕು. ಎರಡು ಕಂಬಗಳ ಮಧ್ಯೆ 12 ಅಡಿ ಉದ್ದ, ಎತ್ತರ 10 ಅಡಿ, 3x7 ಅಡಿಯ ಒಂದು ಬಾಗಿಲು ಬರುತ್ತೆ. ಕೆಳಗೆ ಬೀಮ್ ಇಲ್ಲ. ಇಂಜಿನಿಯರ್ ಎಎಸಿ ಬ್ಲಾಕ್ ಅಂತಾರೆ, ಮೇಸ್ತ್ರಿ ಇಟ್ಟಿಗೆನೇ ಸಾಕು ಅಂತಾರೆ. ಬ್ಲಾಕ್ ತಂದರೂ ಗಮ್ ಬೇಡ, ಸಿಮೆಂಟ್ ಗಾರೆಯಲ್ಲೇ ಕಟ್ಟೋಣ ಅನ್ನೋದು ಅವರ ವಾದ. ಯಾವುದು ಎಷ್ಟು ಬೇಕಾಗುತ್ತೆ? – ತುಮಕೂರಿನ ಓದುಗರು

ಉತ್ತರ: ನಿಮ್ಮ ಗೋಡೆಗೆ ಇಂಜಿನಿಯರ್ ಮಾತೇ ಸರಿ. ಕಾರಣ ನಿಮ್ಮ ಪ್ರಶ್ನೆಯಲ್ಲೇ ಇದೆ: ಕೆಳಗೆ ಬೀಮ್ ಇಲ್ಲ. ಗೋಡೆಯ ಪೂರ್ತಿ ಭಾರ ಮೋಲ್ಡಿನ ಮೇಲೆ ಕೂರುತ್ತದೆ. ಭಾರದ ಲೆಕ್ಕಕ್ಕೆ ಆಮೇಲೆ ಬರುತ್ತೇನೆ, ಮೊದಲು ಬ್ಲಾಕ್ ಎಣಿಸೋಣ.

ಅಂಗಡಿಯವರು ಸಾಮಾನ್ಯವಾಗಿ ಚದರ ಅಡಿ ಕೇಳಿ, ನೂರಕ್ಕೆ 76 ಬ್ಲಾಕ್ ಎಂದು ಹೇಳಿಬಿಡುತ್ತಾರೆ. ಅದು ತಪ್ಪಲ್ಲ. ಬ್ಲಾಕಿನ ಮುಖ 600x200 ಮಿ.ಮೀ., ಸುತ್ತ 3 ಮಿ.ಮೀ. ಸಂದು ಹಿಡಿದರೆ ಅಷ್ಟೇ ಬರುತ್ತದೆ. ಆದರೆ ಒಂದೇ ಗೋಡೆಗೆ ತರಿಸುವಾಗ ವರಸೆ ಲೆಕ್ಕ ಹಾಕುವುದು ವಾಸಿ. ಎಲ್ಲಿ ಬ್ಲಾಕ್ ಕುಯ್ಯಬೇಕು ಅನ್ನುವುದು ಆಗ ಮೊದಲೇ ಗೊತ್ತಾಗುತ್ತದೆ.

12 ಅಡಿ ಅಂದರೆ 3658 ಮಿ.ಮೀ. ಅದರಲ್ಲಿ 6 ಇಡೀ ಬ್ಲಾಕ್ ಕೂರುತ್ತವೆ, ಎರಡೂ ಕಂಬದ ಹತ್ತಿರ ಸುಮಾರು 21 ಮಿ.ಮೀ. ಉಳಿಯುತ್ತದೆ. ಅಲ್ಲಿ ಗಾರೆ ತುಂಬಿಸಬಹುದು. ಎತ್ತರ 3048 ಮಿ.ಮೀ. ತಳದಲ್ಲಿ 20 ಮಿ.ಮೀ. ಗಾರೆ, ಅದರ ಮೇಲೆ 5 ವರಸೆ, ನಂತರ 3 ಇಂಚಿನ ಕಾಂಕ್ರೀಟ್ ಬೆಡ್, ಮತ್ತೆ 5 ವರಸೆ. ಇಲ್ಲಿಗೆ 2125 ಮಿ.ಮೀ. ಆಯಿತು, ಅಂದರೆ ಸರಿಸುಮಾರು ನಿಮ್ಮ ಬಾಗಿಲಿನ 7 ಅಡಿ. ಅಲ್ಲಿ ಲಿಂಟಲ್ ಮಟ್ಟದ ಬೆಡ್ ಕೂಡ 3 ಇಂಚಿಗೇ ಹಾಕಿ, ಅದನ್ನು 12 ಅಡಿಗೂ ಎಳೆಯಿರಿ. ಅದರ ಮೇಲೆ 4 ವರಸೆ. ಕೊನೆಗೆ ಮೋಲ್ಡಿನ ಕೆಳಗೆ ಒಂದರಿಂದ ಒಂದೂವರೆ ಇಂಚಿನಷ್ಟು ಸಂದು ಉಳಿಯುತ್ತದೆ, ಅದು ಬೇಕು ಕೂಡ. ಇದೇ ಬೆಡ್ 4 ಇಂಚು ಮಾಡಿದರೆ ಮೇಲಿನ ವರಸೆ ಪೂರ್ತಿ ಕುಯ್ಯಬೇಕಾಗುತ್ತದೆ. (ಟೈಲ್ಸ್ ಇನ್ನೂ ಹಾಕಿಲ್ಲ ಅಂದರೆ ಅದರ ಮಂದವನ್ನು ಬಾಗಿಲಿನ ಎತ್ತರಕ್ಕೆ ಈಗಲೇ ಸೇರಿಸಿ. ಆ ವ್ಯತ್ಯಾಸವನ್ನು ಲಿಂಟಲ್ ಬೆಡ್‌ನಲ್ಲಿ ಸರಿಮಾಡಿಕೊಳ್ಳಿ.)

ಈಗ ಎಣಿಸಿ. ಬಾಗಿಲು ಬಿಟ್ಟರೆ ಕೆಳಗಿನ 10 ವರಸೆಗೆ ನಾಲ್ಕೂವರೆಯಂತೆ 45, ಮೇಲಿನ 4 ವರಸೆಗೆ ಆರರಂತೆ 24. ಒಟ್ಟು 69 ಬ್ಲಾಕ್. ಒಡೆದದ್ದು, ಮೂಲೆ ಹಾರಿದ್ದು ಸೇರಿ 75 ತರಿಸಿ.

ಇದೇ ಗೋಡೆಗೆ 9x4x3 ಇಂಚಿನ ಇಟ್ಟಿಗೆ ಅಂದರೆ, ಅರ್ಧ ಇಂಚು ಗಾರೆ ಹಿಡಿದು ಚದರ ಅಡಿಗೆ 4.33. ಬೆಡ್‌ಗಳನ್ನು ಬಿಟ್ಟು 94 ಚದರ ಅಡಿಗೆ 407 ಬರುತ್ತದೆ. ಒಡಕು ಸೇರಿ 440 ಹೇಳಬೇಕು. ಜೊತೆಗೆ 1:4 ಗಾರೆಗೆ ಒಂದೂವರೆ ಮೂಟೆ ಸಿಮೆಂಟ್, 7ರಿಂದ 8 ಘನ ಅಡಿ ಎಂ-ಸ್ಯಾಂಡ್.

ಇನ್ನು ಗಮ್. ಖರ್ಚು ಏರುವುದೂ ಇಳಿಯುವುದೂ ಇದರಲ್ಲೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಂದು ಬ್ಲಾಕಿಗೆ ಅಡಿಯ ಸಂದು ಮತ್ತು ಪಕ್ಕದ ಸಂದು ಎರಡೂ ಸೇರಿ, 3 ಮಿ.ಮೀ. ಮಂದಕ್ಕೆ ಕಾಲು ಲೀಟರಿನಷ್ಟು ಗಮ್ ಹಿಡಿಯುತ್ತದೆ. 69 ಬ್ಲಾಕಿಗೆ ಸುಮಾರು 17 ಲೀಟರ್. ಲೀಟರಿಗೆ ಒಂದೂವರೆ ಕೆ.ಜಿ. ಪುಡಿ ಅಂತ ಹಿಡಿದರೆ 25 ಕೆ.ಜಿ. ಬಾಂಡ್ಲಿಯಲ್ಲಿ ಗಟ್ಟಿಯಾಗಿದ್ದು, ಅಂಚಿನಿಂದ ಹೊರಗೆ ಬಿದ್ದದ್ದು ಸೇರಿ 33 ಕೆ.ಜಿ. ಅಂದುಕೊಳ್ಳಿ. 40 ಕೆ.ಜಿ.ಯ ಒಂದು ಮೂಟೆ ಸಾಕು.

ಆದರೆ ಸಂದು 6 ಮಿ.ಮೀ. ಆದರೆ? ಅದೇ ಗೋಡೆಗೆ ಎರಡು ಮೂಟೆ. ಕಳೆದ ವರ್ಷ ನಾನು ನೋಡಿದ ಒಂದು ಮನೆಯಲ್ಲಿ ಹೀಗೇ ಆಯಿತು. ಮೊದಲ ವರಸೆ ಒಂದು ತುದಿಯಿಂದ ಇನ್ನೊಂದು ತುದಿಗೆ ಅರ್ಧ ಇಂಚು ಇಳಿದಿತ್ತು. ಮೇಲಿನ ಪ್ರತಿ ವರಸೆಯಲ್ಲೂ ಅದನ್ನು ಗಮ್ಮಿನಿಂದಲೇ ಏರಿಸುತ್ತಾ ಹೋದರು. ಗಮ್ ಇರುವುದು ಅಂಟಿಸುವುದಕ್ಕೆ, ಮಟ್ಟ ಮಾಡುವುದಕ್ಕಲ್ಲ. ಮಂದವಾಗಿ ಹಾಕಿದರೆ ಬ್ಲಾಕ್ ಜಾರುತ್ತದೆ, ಒಣಗುವಾಗ ಸಂದು ಬಿರಿಯುತ್ತದೆ. ಅದಕ್ಕೇ ತಳದ ಗಾರೆಯನ್ನು 1:4 ಸಿಮೆಂಟ್ ಮರಳಿನಲ್ಲಿ ಹಾಕಿ, ಮೊದಲ ವರಸೆಯನ್ನು ದಾರ ಕಟ್ಟಿ, ರಸಮಟ್ಟ ಇಟ್ಟು ಕೂರಿಸಬೇಕು. ಒಂದು ದಿನ ಬಿಟ್ಟು ಮುಂದೆ ಕಟ್ಟಿ. ಗಾರೆಯ ಕೆಲಸ ಅಲ್ಲಿಗೆ ಮುಗಿಯಿತು. ಅಲ್ಲಿಂದ ಮೇಲಕ್ಕೆ, ಬೆಡ್ ಮತ್ತು ಕಂಬದ ಸಂದು ಬಿಟ್ಟರೆ, ಗಮ್ ಮಾತ್ರ.

ಬ್ಲಾಕೇ ಏರುಪೇರಾಗಿದ್ದರೆ ಮೇಸ್ತ್ರಿ ಏನು ಮಾಡಿಯಾರು, ಅಲ್ವಾ? ಲಾರಿಯಿಂದ ಇಳಿಸುವಾಗಲೇ ನೋಡಿ. ಆರು ಬ್ಲಾಕುಗಳನ್ನು ಮಟ್ಟವಾದ ನೆಲದ ಮೇಲೆ ಒಂದಕ್ಕೊಂದು ತಾಗಿಸಿ ನಿಲ್ಲಿಸಿ, ಮೇಲೆ ನೇರವಾದ ಅಲ್ಯೂಮಿನಿಯಂ ಪಟ್ಟಿ ಇಡಿ. ಪಟ್ಟಿಯ ಕೆಳಗೆ 2 ಮಿ.ಮೀ.ಗಿಂತ ಜಾಸ್ತಿ ಬೆಳಕು ಕಂಡರೆ ಆ ಲೋಡ್ ತೆಳು ಸಂದಿಗೆ ಒಗ್ಗುವುದಿಲ್ಲ. ಎತ್ತಿದರೆ ತುಂಬಾ ಭಾರ ಅನ್ನಿಸುವ ಹಸಿ ಬ್ಲಾಕನ್ನೂ ಕೂಡಲೇ ಕಟ್ಟಬೇಡಿ. ಅದು ಗೋಡೆಯಲ್ಲಿ ಒಣಗುತ್ತಾ ಕುಗ್ಗುತ್ತದೆ, ಬಿರುಕು ಬರುವುದು ಆಗಲೇ.

ಮೇಸ್ತ್ರಿಗೆ ಸಿಮೆಂಟ್ ಗಾರೆ ಕೈಗೆ ಒಗ್ಗಿದ ಕೆಲಸ, ಅವರು ಹೇಳುವುದು ಸಹಜ. ಆದರೆ ಎಎಸಿ ಬ್ಲಾಕ್ ನೀರನ್ನು ಚೆನ್ನಾಗಿ ಹೀರುತ್ತದೆ. ಮಾಮೂಲಿ ಗಾರೆ ಗಟ್ಟಿಯಾಗುವ ಮೊದಲೇ ಅದರ ನೀರು ಬ್ಲಾಕಿಗೆ ಹೋಗಿ, ಗಾರೆ ಮರಳು ಮರಳಾಗಿ ಉಳಿಯುತ್ತದೆ. ಗಮ್ಮಿನಲ್ಲಿ ನೀರು ಹಿಡಿದಿಡುವ ಅಂಶ ಸೇರಿಸಿರುತ್ತಾರೆ, ಅದಕ್ಕೇ ಅಷ್ಟು ತೆಳುವಾಗಿದ್ದರೂ ಹಿಡಿಯುತ್ತದೆ. ಅದಕ್ಕೆ ಸಿಮೆಂಟೋ ಮರಳೋ ಬೆರೆಸಲು ಬಿಡಬೇಡಿ. ಒಂದು ಮೂಟೆಗೆ 10ರಿಂದ 12 ಲೀಟರ್ ನೀರು, ಮೂಟೆಯ ಮೇಲೆ ಬರೆದಷ್ಟೇ. ಒಂದೂವರೆ ಗಂಟೆಯಲ್ಲಿ ಮುಗಿಯುವಷ್ಟೇ ಕಲಸಿಸಿ. ಬ್ಲಾಕಿನ ಧೂಳನ್ನು ಒದ್ದೆ ಬ್ರಷ್ಷಿನಿಂದ ಒರೆಸಿದರೆ ಸಾಕು, ನೆನೆಸುವುದು ಬೇಡ. ಹಲ್ಲಿನ ಕರಣೆಯಲ್ಲಿ ಗಮ್ ಎಳೆಯಬೇಕು. ಪಕ್ಕದ ಸಂದಿಗೂ ಹಾಕಿಸಿ, ಅದನ್ನು ಬಿಟ್ಟುಬಿಡುವವರೇ ಜಾಸ್ತಿ. ಹಿಡಿದಿದೆಯೋ ಇಲ್ಲವೋ ನೋಡಲು, ಈಗಷ್ಟೇ ಇಟ್ಟ ಒಂದು ಬ್ಲಾಕನ್ನು ಎತ್ತಿಸಿ. ಅದರ ತಳದ ಪೂರ್ತಿ ಗಮ್ ಅಂಟಿರಬೇಕು.

ಒಂದೇ ದಿನ ಪೂರ್ತಿ ಎತ್ತರ ಕಟ್ಟಬೇಡಿ. ಮೊದಲ ವರಸೆ ಗಟ್ಟಿಯಾದ ಮೇಲೆ, ಕೆಳಗಿನ ಬೆಡ್‌ವರೆಗೆ ಒಂದು ದಿನ. ಬೆಡ್‌ನಲ್ಲಿ 8 ಮಿ.ಮೀ.ನ ಎರಡು ಕಂಬಿ ಇರಲಿ. ಪ್ರತಿ ಮೂರನೇ ವರಸೆಯಲ್ಲಿ ಕಂಬಕ್ಕೆ ಎಲ್ ಆಕಾರದ ಜಿಐ ಪಟ್ಟಿ ಹೊಡೆದು ಸಂದಿನೊಳಗೆ ಮಲಗಿಸಿ. ಮೋಲ್ಡಿನ ಕೆಳಗಿನ ಸಂದನ್ನು ಗಾರೆಯಿಂದ ಬಿಗಿಯಾಗಿ ಮುಚ್ಚಬೇಡಿ. ಮೋಲ್ಡ್ ಸ್ವಲ್ಪ ಬಗ್ಗಿದರೂ ಗೋಡೆಯನ್ನು ಒತ್ತಿ ಬಿರುಕು ಬಿಡಿಸುತ್ತದೆ. ಎರಡು ವಾರ ಬಿಟ್ಟು ಫೋಮ್ ತುಂಬಿಸಿ. ಪ್ಲಾಸ್ಟರ್‌ಗೆ ಮುಂಚೆ ಕಂಬ ಮತ್ತು ಬ್ಲಾಕ್ ಕೂಡುವ ಕಡೆ ಫೈಬರ್ ಮೆಶ್ ಹಾಕಿಸಿ.

ಭಾರದ ಲೆಕ್ಕ ಇದು. ಕಟ್ಟುವಾಗಿನ ತೇವ ಸೇರಿ ಬ್ಲಾಕಿಗೆ 9 ಕೆ.ಜಿ. ಹಿಡಿದರೆ ನಿಮ್ಮ ಗೋಡೆಯ ಬ್ಲಾಕುಗಳು ಸುಮಾರು 620 ಕೆ.ಜಿ. ಇಟ್ಟಿಗೆ ಮತ್ತು ಗಾರೆ ಸೇರಿದರೆ ಸುಮಾರು 1,600 ಕೆ.ಜಿ. ಬೆಡ್, ಪ್ಲಾಸ್ಟರ್ ಎರಡಕ್ಕೂ ಮೇಲೆ ಸೇರುತ್ತವೆ. ಇದೇ ಗೋಡೆ ನೆಲಮಹಡಿಯಲ್ಲಿ, ಕೆಳಗೆ ಪಾಯ ಇದ್ದು ಬರುತ್ತಿದ್ದರೆ ನಿಮ್ಮ ಮೇಸ್ತ್ರಿಯ ಮಾತಿಗೇ ನಾನು ತಲೆಯಾಡಿಸುತ್ತಿದ್ದೆ. ಒಂದು ಸಣ್ಣ ಗೋಡೆಗಾಗಿ ಬ್ಲಾಕ್ ಲೋಡ್ ತರಿಸುವುದು ತುಟ್ಟಿಯಾಗಬಹುದು. ನಿಮ್ಮದು ಹಾಗಲ್ಲ. ಕಟ್ಟುವ ಮೊದಲು ಆ 620 ಕೆ.ಜಿ.ಗೆ ಬೆಡ್ ಮತ್ತು ಪ್ಲಾಸ್ಟರಿನ ಭಾರವನ್ನೂ ಸೇರಿಸಿ, ಮೋಲ್ಡ್ ಅಷ್ಟನ್ನು ತಡೆಯುತ್ತದೆಯೇ ಎಂದು ನಿಮ್ಮ ಇಂಜಿನಿಯರ್ ಹತ್ತಿರ ಬರವಣಿಗೆಯಲ್ಲಿ ಕೇಳಿಕೊಳ್ಳಿ.