ಕಾಗೆಗೆ ಯಾಕೆ ಕ್ಷಮೆ ಕೇಳಿದಿರಿ?

"ಸರ್, ಮನೆಯಲ್ಲಿ ಹಾಡಿ ಫೋನಿನಲ್ಲೇ ರೆಕಾರ್ಡ್ ಮಾಡಿದ ಒಂದು ಹಳೆಯ ಚಿತ್ರಗೀತೆ, ಅದರ ಕೆಳಗೆ ಹಾಕೋಕೆ ಬರೆದ ಟಿಪ್ಪಣಿ ಎರಡನ್ನೂ ಕಳಿಸಿದ್ದೇನೆ. ತಂಬೂರಿ ಆ್ಯಪ್ ಇಟ್ಟುಕೊಂಡು, ಎರಡು ಮನೆ ಶ್ರುತಿ ಇಳಿಸಿ ಹಾಡಿದೆ. ಬೆಳಗ್ಗೆ ಐದೂವರೆಗೆ ಮಾಡಿದ್ದರಿಂದ ಮಧ್ಯೆ ಕಾಗೆ ಕೂಗಿದೆ. ಆ್ಯಪ್ ಹಾಕಿ ಅದನ್ನು ತೆಗೆದ ಎರಡನೇ ಫೈಲೂ ಇದೆ. ಟಿಪ್ಪಣಿ ಹೇಗಿದೆ, ಮುಲಾಜಿಲ್ಲದೆ ಹೇಳಿ.

ಟಿಪ್ಪಣಿ: ಎಲ್ಲರಿಗೂ ನಮಸ್ಕಾರ. ನಾನೇನು ದೊಡ್ಡ ಗಾಯಕಿಯಲ್ಲ, ಸುಮ್ನೆ ಒಂದು ಪುಟ್ಟ ಪ್ರಯತ್ನ. ಗಂಟಲು ಸರಿ ಇರಲಿಲ್ಲ, ಮಧ್ಯೆ ಕಾಗೆ ಬೇರೆ ಕೂಗಿದೆ, ತಪ್ಪಿದ್ದರೆ ದಯವಿಟ್ಟು ಕ್ಷಮಿಸಿ. ಹಳೆಯ ಹಾಡುಗಳೆಂದರೆ ಏನೋ ಮಾಯೆ, ಆ ಸುವರ್ಣಯುಗ ಮತ್ತೆ ಬರಲ್ಲ. ಪುಟ್ಟಣ್ಣ ಕಣಗಾಲ್ ಅವರ 'ಬೆಳ್ಳಿಮೋಡ'ದ ಎವರ್‌ಗ್ರೀನ್ ಗೀತೆ, ಗಾನಕೋಗಿಲೆ ಎಸ್. ಜಾನಕಿ ಅಮ್ಮನಿಗೆ ಅರ್ಪಣೆ. 'ಮೂಡಲ ಮನೆಯ ಮುತ್ತಿನ ನೀರನು ಎರೆಯುತ ಹೊಯ್ದಾ...' ಅಜ್ಜಿ ಬಚ್ಚಲ ಒಲೆ ಹಚ್ಚುವಾಗ ಇದನ್ನೇ ಗುನುಗುತ್ತಿದ್ದರು. ಎಲ್ಲಾ ನೆನಪುಗಳು!"

ನಮಸ್ಕಾರ. ಹಾಡು ಎರಡು ಸಲ ಕೇಳಿದೆ. ಚೆನ್ನಾಗಿದೆ. ಶ್ರುತಿ ಎಲ್ಲೂ ಬಿಟ್ಟಿಲ್ಲ, ಅಕ್ಷರ ಅಕ್ಷರವೂ ಕೇಳಿಸುತ್ತೆ. ಟಿಪ್ಪಣಿ ಮಾತ್ರ ನನಗೆ ಸಿಟ್ಟು ತರಿಸಿತು. ಮುಲಾಜು ಬೇಡ ಅಂದಿದ್ದೀರಲ್ಲ, ಅದಕ್ಕೇ ಹೇಳ್ತೀನಿ.

"ನಾನೇನು ದೊಡ್ಡ ಗಾಯಕಿಯಲ್ಲ." ಯಾರು ಕೇಳಿದರು? ಫೋನಿನಲ್ಲಿ ಟಿಪ್ಪಣಿಯ ಮೊದಲ ಒಂದೆರಡು ಸಾಲು ಮಾತ್ರ ಕಾಣುತ್ತೆ, ಮಿಕ್ಕಿದ್ದೆಲ್ಲ more ಅನ್ನೋದರ ಹಿಂದೆ ಹೋಗುತ್ತೆ, ಅದನ್ನು ಒತ್ತುವವರು ನೂರಕ್ಕೆ ಎಷ್ಟು ಜನ ಅಂತ ನೀವೇ ಯೋಚನೆ ಮಾಡಿ. ಆ ಎರಡು ಸಾಲಿನಲ್ಲಿ ನೀವು ಹಾಡಿನ ಹೆಸರು ಹೇಳಿಲ್ಲ, ಬರೆದವರ ಹೆಸರು ಹೇಳಿಲ್ಲ. ನಮಸ್ಕಾರ ಹಾಕಿ, ನಾನು ಚೆನ್ನಾಗಿ ಹಾಡಲ್ಲ ಅಂತ ಹೇಳಿ ಮುಗಿಸಿದ್ದೀರಿ. ಮನೆಗೆ ಬಂದವರಿಗೆ ತಟ್ಟೆ ಇಡೋ ಮೊದಲೇ "ಸಾರಿಗೆ ಉಪ್ಪು ಜಾಸ್ತಿ ಆಗಿದೆ" ಅಂದರೆ ಅವರು ಊಟ ಮಾಡ್ತಾರಾ, ಉಪ್ಪು ಹುಡುಕ್ತಾರಾ?

ನಾನು ಹುಡುಕಿದೆ. "ಗಂಟಲು ಸರಿ ಇರಲಿಲ್ಲ" ಅಂತ ಓದಿಕೊಂಡು ಕೇಳಲು ಕೂತಿದ್ದರಿಂದ ಮೇಲಿನ ಸಾಲು ಬಂದಾಗಲೆಲ್ಲ ಈಗ ಒಡೆಯುತ್ತೆ, ಈಗ ಒಡೆಯುತ್ತೆ ಅಂತ ಕಾಯ್ತಾ ಕೂತೆ. ಒಡೆಯಲೇ ಇಲ್ಲ. ಹಾಡು ಮಾತ್ರ ನನ್ನ ಕೈ ತಪ್ಪಿಹೋಯಿತು. ಎರಡನೇ ಸಲ ಟಿಪ್ಪಣಿ ಮರೆತು ಕೇಳಬೇಕಾಯಿತು.

ಅದೂ ಅಲ್ಲದೆ, ಗಂಟಲು ಸರಿ ಇರಲಿಲ್ಲ ಅನ್ನೋದು ನಿಜವಾ? ಎರಡು ಮನೆ ಶ್ರುತಿ ಇಳಿಸಿದೆ ಅಂತ ಪತ್ರದಲ್ಲಿ ಬರೆದಿದ್ದೀರಿ. ಅದಕ್ಕೂ ಗಂಟಲು ಕೆಟ್ಟಿರೋದಕ್ಕೂ ಸಂಬಂಧ ಇಲ್ಲ, ಅದು ತಿಳಿವಳಿಕೆ. ಜಾನಕಿಯವರು ಹಾಡಿದ ಶ್ರುತಿ ಅವರ ಗಂಟಲಿಗೆ ಕೂರುವ ಶ್ರುತಿ. ಹಾಡಿನ ಅತಿ ಮೇಲಿನ ಸಾಲು ಕಿರುಚದೆ ಬರಬೇಕು, ಅತಿ ಕೆಳಗಿನ ಸಾಲು ನುಂಗಿಹೋಗಬಾರದು. ಎರಡಕ್ಕೂ ಹೊಂದುವ ಕಡೆ ಆಧಾರ ಷಡ್ಜ ಇಟ್ಟುಕೊಳ್ಳಬೇಕು. ನೀವು ಮಾಡಿರೋದೂ ಅದೇ. ಹಾಡು ಕಲಿಯುವ ಒಬ್ಬ ಹುಡುಗಿಗೆ "ಎರಡು ಮನೆ ಇಳಿಸಿ ಹಾಡಿದ್ದೇನೆ" ಅನ್ನೋ ಒಂದು ಸಾಲು ಎಷ್ಟು ಉಪಯೋಗಕ್ಕೆ ಬರುತ್ತೆ! ನೀವು ಅದನ್ನು ನನಗೆ ಹೇಳಿ, ಕೇಳುವವರಿಗೆ ಶೀತದ ನೆಪ ಹೇಳಿದ್ದೀರಿ.

ಈಗ ಕಾಗೆ. ಇಲ್ಲಿ ನನಗೆ ಸಿಟ್ಟಿಗಿಂತ ನಗು ಬಂತು. ನೀವು ಹಾಡಿರೋದು ಬೆಳಗಿನ ಹಾಡು. ಗಿಡಗಂಟೆಗಳ ಕೊರಳೊಳಗಿಂದ ಹಕ್ಕಿಗಳ ಹಾಡು ಹೊರಟಿತು ಅಂತ ಕವಿ ಅದೇ ಪದ್ಯದಲ್ಲಿ ಬರೆದಿದ್ದಾರೆ. ನೀವು ಬೆಳಗ್ಗೆ ಐದೂವರೆಗೆ ಎದ್ದು ಅದನ್ನು ಹಾಡ್ತಿದ್ದೀರಿ, ಕಿಟಕಿ ಆಚೆ ನಿಜವಾದ ಹಕ್ಕಿ ಕೂಗುತ್ತೆ, ಅದಕ್ಕೆ ನೀವು ಕ್ಷಮೆ ಕೇಳ್ತೀರಿ! ಕೋಗಿಲೆ ಕೂಗಿದ್ದರೆ ಕೇಳ್ತಿದ್ರಾ?

ಆ್ಯಪ್ ಹಾಕಿ ಕಾಗೆ ತೆಗೆದ ಫೈಲನ್ನೂ ಕೇಳಿದೆ. ಕಾಗೆ ಪೂರ್ತಿ ಹೋಗಿಲ್ಲ, ದೂರದಲ್ಲಿ ಯಾರೋ ಕೆಮ್ಮಿದ ಹಾಗಿದೆ. ನಿಮ್ಮ ದನಿಯನ್ನೂ ಅದು ಅರ್ಧ ತಿಂದಿದೆ. ಇಂಥ ಆ್ಯಪ್‌ಗೆ ಸದ್ದು ಯಾವುದು, ಉಸಿರು ಯಾವುದು ಅಂತ ಸರಿಯಾಗಿ ಗೊತ್ತಾಗಲ್ಲ. ಫ್ಯಾನಿನ ಗುಂಯ್ ಅನ್ನೋ ಥರದ ಒಂದೇ ಸಮನೆ ಬರೋ ಸದ್ದನ್ನಾದರೆ ತೆಗೆಯುತ್ತೆ, ಆದರೆ ಕಾಗೆ ನಿಮ್ಮ ದನಿಯ ಎತ್ತರದಲ್ಲೇ ಬಂದು ಹೋಗುತ್ತೆ. ಅದರ ಜೊತೆ ಸಾಲಿನ ಕೊನೆಯ ಎಳೆತವೂ ಹೋಗಿದೆ. ಕೊಡದೊಳಗೆ ಬಾಯಿಟ್ಟು ಹಾಡಿದ ಹಾಗೆ ಕೇಳಿಸ್ತಿದೆ. ಸಂಶಯ ಇದ್ದರೆ ಎರಡನ್ನೂ ಇಯರ್‌ಫೋನ್ ಹಾಕಿಕೊಂಡು "ಹೊಯ್ದಾ" ಅನ್ನೋ ಕಡೆ ಕೇಳಿ.

ಈ ಕ್ಷಮೆ ಕೇಳೋ ಚಟ ನನಗೂ ಇತ್ತು, ಅದಕ್ಕೇ ಇಷ್ಟು ಉರಿಯೋದು. ಒಂದು ವಾರಪತ್ರಿಕೆಯಲ್ಲಿ ಸಿನಿಮಾ ಪುಟಕ್ಕೆ ಸಹಾಯಕ ಅಂತ ಸೇರಿದ್ದೆ. ಕೆಲಸ ಏನಂದ್ರೆ ಹಳೆಯ ಫೋಟೋಗಳ ಕೆಳಗೆ ಎರಡು ಸಾಲು ಬರೆಯೋದು. ಮೊದಲನೇ ಸಲ ಅರ್ಧ ಪುಟ ಬರೆಯಲು ಕೊಟ್ಟಾಗ "ನಾನು ಸಿನಿಮಾ ಪಂಡಿತನಲ್ಲ, ಆದರೂ ನನ್ನ ಅಲ್ಪಮತಿಗೆ ತೋಚಿದಂತೆ" ಅಂತ ಶುರು ಮಾಡಿದೆ. ನಮ್ಮ ಹಿರಿಯರು ಕನ್ನಡಕ ಹಣೆಗೆ ಏರಿಸಿ ಓದಿ, ಹಾಳೆ ವಾಪಸ್ ಕೊಟ್ಟು, "ಪಂಡಿತ ಅಲ್ವಾ? ಸರಿ ಬಿಡು, ಪಂಡಿತರ ಹತ್ತಿರ ಬರೆಸ್ತೀನಿ, ನೀನು ಕಾಫಿ ಕುಡಿದು ಬಾ" ಅಂದರು. ಕಾಫಿ ಕುಡಿದು ಬಂದು ಆ ಸಾಲು ಹೊಡೆದುಹಾಕಿದೆ. ಅವರು ಆಮೇಲೆ ಒಂದು ಮಾತೂ ಆಡದೆ ಅಚ್ಚಿಗೆ ಕಳಿಸಿದರು.

ಎರಡನೇ ವಿಷಯ ಇದಕ್ಕಿಂತ ದೊಡ್ಡದು. ಟಿಪ್ಪಣಿಯಲ್ಲಿ ಪುಟ್ಟಣ್ಣ ಇದ್ದಾರೆ, ಜಾನಕಿ ಇದ್ದಾರೆ, ಸುವರ್ಣಯುಗ ಇದೆ, ಕಾಗೆ ಕೂಡ ಇದೆ. ಬೇಂದ್ರೆ ಎಲ್ಲಿ? ಇದು ದ.ರಾ. ಬೇಂದ್ರೆಯವರ 'ಬೆಳಗು' ಪದ್ಯ. 1932ರಲ್ಲಿ ಬಂದ 'ಗರಿ' ಸಂಕಲನದಲ್ಲಿದೆ. ಸಿನಿಮಾ ಬಂದಿದ್ದು 1967ರಲ್ಲಿ. ಸಿನಿಮಾಕ್ಕಾಗಿ ಬರೆದ ಹಾಡಲ್ಲ ಇದು, ಪುಸ್ತಕದಿಂದ ಸಿನಿಮಾಕ್ಕೆ ಹೋದ ಪದ್ಯ. ರಾಗ ಹಾಕಿದ ವಿಜಯಭಾಸ್ಕರ್ ಅವರ ಹೆಸರೂ ಇಲ್ಲ. ನೀವು ಕೂತು ಕಲಿತದ್ದು ಅವರು ಹಾಕಿದ ದಾರಿಯನ್ನೇ ಅಲ್ವಾ? ಆಕಾಶವಾಣಿಯಲ್ಲಿ ಚಿತ್ರಗೀತೆ ಹಾಕುವಾಗ ಚಿತ್ರ, ಸಾಹಿತ್ಯ, ಸಂಗೀತ, ಹಾಡಿದವರು ಅಂತ ಒಂದೇ ಉಸಿರಿನಲ್ಲಿ ಹೇಳ್ತಿದ್ದರು. ಅಡುಗೆಮನೆಯಲ್ಲಿದ್ದವರಿಗೂ ಕೇಳಿ ಕೇಳಿ ಬಾಯಿಪಾಠ ಆಗ್ತಿತ್ತು. ಹತ್ತು ಸೆಕೆಂಡಿನ ಕೆಲಸ. ನಿಮ್ಮ "ಪುಟ್ಟ ಪ್ರಯತ್ನ" ಆ ಜಾಗ ತಿಂದಿದೆ.

ಇದರಲ್ಲೂ ನಾನು ಪೆಟ್ಟು ತಿಂದವನೇ. ಅದೇ ವಾರಪತ್ರಿಕೆಯಲ್ಲಿ 'ಬೆಳ್ಳಿಮೋಡ'ದ ಒಂದು ಫೋಟೋ ಕೆಳಗೆ ಇದೇ ಹಾಡಿನ ಸಾಲು ಹಾಕಿ, ಗೀತೆ ಆರ್.ಎನ್. ಜಯಗೋಪಾಲ್ ಅಂತ ಬರೆದುಬಿಟ್ಟೆ. ಆ ಚಿತ್ರಕ್ಕೆ ಹಾಡು ಬರೆದವರು ಅವರು, ಹಾಗಾಗಿ ಇದೂ ಅವರದೇ ಅಂದುಕೊಂಡೆ. ಹತ್ತನೇ ದಿನ ಧಾರವಾಡದಿಂದ ಒಂದು ಕಾರ್ಡು ಬಂತು. "ಇದು ನಮ್ಮ ಸಾಧನಕೇರಿ ಅಜ್ಜನ ಪದ್ಯ ಅದ. ಸಾಲಿ ಹುಡುಗರಿಗೂ ಗೊತ್ತದ. ತಿದ್ದಕೋರಿ." ಅಷ್ಟೇ. ಹಿರಿಯರು ಆ ಕಾರ್ಡನ್ನು ನನ್ನ ಮೇಜಿನ ಗಾಜಿನ ಕೆಳಗೆ ಇಟ್ಟರು. ನಾನು ಕೆಲಸ ಬಿಡುವವರೆಗೂ ಅದು ಅಲ್ಲೇ ಇತ್ತು.

ಆಮೇಲೆ ಆ ಸಾಲು. "ಮುತ್ತಿನ ನೀರನು ಎರೆಯುತ ಹೊಯ್ದಾ" ಅಂತ ಬರೆದಿದ್ದೀರಿ. ಅದು "ಮುತ್ತಿನ ನೀರಿನ ಎರಕವ ಹೊಯ್ದಾ". ಹಾಡುವಾಗ ಸರಿಯಾಗಿಯೇ ಹಾಡಿದ್ದೀರಿ, ಬಾಯಿಗೆ ಗೊತ್ತಿರೋದು ಬೆರಳಿಗೆ ಗೊತ್ತಿಲ್ಲ! ಎರಕ ಅಂದ್ರೆ ಲೋಹ ಕರಗಿಸಿ ಅಚ್ಚಿಗೆ ಹೊಯ್ಯೋದು. ಗಂಟೆ, ವಿಗ್ರಹ ಮಾಡೋರ ಮಾತು ಅದು. ಮೂಡಣದ ಮನೆಯಲ್ಲಿ ಯಾರೋ ಮುತ್ತನ್ನು ಕರಗಿಸಿ ನುಣ್ಣಗೆ ಎರಕ ಹೊಯ್ದರು, ಬಾಗಿಲು ತೆರೆಯಿತು, ಆ ಬೆಳಕಲ್ಲಿ ಜಗತ್ತೆಲ್ಲ ತೊಯ್ದಿತು. ಚಿತ್ರ ನಿಂತಿರೋದೇ ಆ ಒಂದು ಮಾತಿನ ಮೇಲೆ. "ಎರೆಯುತ" ಅಂದರೆ ಅಚ್ಚೂ ಹೋಯಿತು, ಕುಲುಮೆಯೂ ಹೋಯಿತು, ಯಾರೋ ನೀರು ಹುಯ್ದ ಹಾಗಾಯಿತು.

ಇಷ್ಟು ಬರೆದ ಮೇಲೆ ಒಂದು ಅನುಮಾನ ಬಂತು. ನಿಮ್ಮ ಅಜ್ಜಿ ಬಚ್ಚಲ ಒಲೆ ಹಚ್ಚುವಾಗ ಇದನ್ನು ಗುನುಗುತ್ತಿದ್ದರು ಅಂದಿರಲ್ಲ. ಒಲೆ ಮೇಲೆ ಹಂಡೆ, ಹಂಡೆ ತುಂಬ ನೀರು, ಇನ್ನು ಸ್ವಲ್ಪ ಹೊತ್ತಿಗೆ ಮಕ್ಕಳಿಗೆಲ್ಲ ನೀರು ಎರೆಯಬೇಕು. ಅವರೇ "ಎರೆಯುತ" ಅಂತ ಹಾಡ್ತಿದ್ದರಾ? ಎರೆ, ಎರಕ ಎರಡೂ ಹೇಗೂ ಒಂದೇ ಬೇರಿನ ಮಾತುಗಳು. ಹಾಗೇನಾದರೂ ಇದ್ದರೆ ಅದು ತಪ್ಪಲ್ಲ, ನಿಮ್ಮ ಟಿಪ್ಪಣಿಯಲ್ಲಿರೋ ಒಂದೇ ಒಂದು ಹೊಸ ವಿಷಯ. ಅದನ್ನು ಬಿಟ್ಟು "ಏನೋ ಮಾಯೆ" ಅಂತ ಬರೆದಿದ್ದೀರಿ. ಏನೋ ಅಂದ್ರೆ ಏನು? ಆ ಮಾಯೆ ಆ ಬಚ್ಚಲಲ್ಲೇ ಇದೆಯಲ್ಲ! "ಎಲ್ಲಾ ನೆನಪುಗಳು" ಅಂತ ಬೇರೆ ಕೊನೆಯಲ್ಲಿ. ಎಲ್ಲಾ ಬೇಡ, ಒಂದು ಸಾಕು. ಇನ್ನೊಂದು, ಅವರು ಇದನ್ನು ಸಿನಿಮಾ ನೋಡಿ ಕಲಿತರಾ, ಅದಕ್ಕೂ ಮೊದಲು ಶಾಲೆಯಲ್ಲಿ ಪದ್ಯ ಅಂತ ಕಲಿತಿದ್ದರಾ? ಅಮ್ಮನನ್ನೋ ದೊಡ್ಡಮ್ಮನನ್ನೋ ಕೇಳಿ ನೋಡಿ.

ನಾನಾದರೆ ಹೀಗೆ ಬರೆಯುತ್ತಿದ್ದೆ, ನಿಮ್ಮದೇ ಸಾಮಾನು ಇಟ್ಟುಕೊಂಡು:

"ಅಜ್ಜಿ ಬೆಳಗ್ಗೆ ಬಚ್ಚಲ ಒಲೆ ಹಚ್ಚುತ್ತಾ ಹಾಡುತ್ತಿದ್ದ ಹಾಡು: ಮೂಡಲ ಮನೆಯ. 'ಎರಕವ ಹೊಯ್ದಾ' ಅನ್ನೋದನ್ನು ಅವರು 'ಎರೆಯುತ ಹೊಯ್ದಾ' ಅನ್ನುತ್ತಿದ್ದರು. ಪದ್ಯ ದ.ರಾ. ಬೇಂದ್ರೆ, ಸಂಗೀತ ವಿಜಯಭಾಸ್ಕರ್, 'ಬೆಳ್ಳಿಮೋಡ' (1967) ಚಿತ್ರಕ್ಕೆ ಹಾಡಿದವರು ಎಸ್. ಜಾನಕಿ. ನಾನು ಎರಡು ಮನೆ ಶ್ರುತಿ ಇಳಿಸಿ, ಬೆಳಗ್ಗೆ ಐದೂವರೆಗೆ, ಮನೆಯಲ್ಲಿ ಹಾಡಿದ್ದೇನೆ. ಮಧ್ಯೆ ಕೇಳಿಸೋದು ನಮ್ಮ ಕಿಟಕಿ ಕಾಗೆ."

ಎರಡನೇ ವಾಕ್ಯ ನಾನು ಊಹೆ ಮಾಡಿ ಹಾಕಿದ್ದು. ಅಜ್ಜಿ ಹಾಗೆ ಹಾಡುತ್ತಿರಲಿಲ್ಲ ಅಂದ್ರೆ ಅದನ್ನು ತೆಗೆದುಬಿಡಿ, ಮಿಕ್ಕಿದ್ದು ಹಾಗೇ ಇರಲಿ. ಗಾನಕೋಗಿಲೆ, ಎವರ್‌ಗ್ರೀನ್ ಯಾವುದೂ ಬೇಡ. ಹಾಡಿನ ಫೈಲ್ ಮತ್ತೆ ಕಳಿಸುವಾಗ ಮೊದಲನೆಯದನ್ನೇ ಕಳಿಸಿ, ಕಾಗೆ ಇರೋದು.