ದೊಡ್ಡ ಖಾತೆಯ ಒಂದು ಪೋಸ್ಟ್‌ಗೆ ಎಲ್ಲರ ಟೈಮ್‌ಲೈನ್ ತಡ

“ಪೋಸ್ಟ್ ಹಾಕಿದ ಕೂಡಲೇ ಎಲ್ಲ ಹಿಂಬಾಲಕರ ಟೈಮ್‌ಲೈನ್‌ಗೂ ಬರೆಯುತ್ತೇವೆ. 8 ಲಕ್ಷ ಹಿಂಬಾಲಕರಿರುವ ಒಬ್ಬರು ಬರೆದರೆ ಉಳಿದವರ ಪೋಸ್ಟ್‌ಗಳೂ ಹತ್ತು ನಿಮಿಷ ತಡ. ಓದುವಾಗ ಜೋಡಿಸುವ ವಿಧಾನಕ್ಕೆ ಪೂರ್ತಿ ಬದಲಾಗಬೇಕೇ?”

ಬಹುಶಃ ಆ 8 ಲಕ್ಷ ಬರವಣಿಗೆಗಳು ಎಲ್ಲರೂ ಬಳಸುವ ಸರತಿಯನ್ನೇ ತುಂಬಿಕೊಳ್ಳುತ್ತಿವೆ. ತಡವಾಗುವಾಗ ಸರತಿಯ ಉದ್ದ ನೋಡಿ, ಒಮ್ಮೆಲೇ ಏರಿದ್ದರೆ ಇದೇ ಕಾರಣ. ಪೂರ್ತಿ ಬದಲಾಗಬೇಡಿ. ಬದಲಾದರೆ ಸಾವಿರ ಜನರನ್ನು ಹಿಂಬಾಲಿಸುವವರು ಆ್ಯಪ್ ತೆರೆದಾಗಲೆಲ್ಲ ಸಾವಿರ ಪಟ್ಟಿ ಓದಬೇಕಾಗುತ್ತದೆ.

ಇವತ್ತೇ ದೊಡ್ಡ ಖಾತೆಗಳ ಹಂಚಿಕೆಗೆ ಪ್ರತ್ಯೇಕ ಸರತಿ ಮತ್ತು ಪ್ರತ್ಯೇಕ ವರ್ಕರ್‌ಗಳನ್ನು ಕೊಡಿ. ಉಳಿದವರ ತಡ ಅಷ್ಟಕ್ಕೇ ನಿಲ್ಲುತ್ತದೆ.

ಆಮೇಲೆ ಎಷ್ಟು ಹಿಂಬಾಲಕರನ್ನು ಮೀರಿದರೆ ದೊಡ್ಡ ಖಾತೆ ಎಂಬ ಮಿತಿ ಗೊತ್ತುಮಾಡಿ. 600 ಸೆಕೆಂಡಿಗೆ 8 ಲಕ್ಷವೆಂದರೆ ಸೆಕೆಂಡಿಗೆ ಸುಮಾರು 1,300 ಬರವಣಿಗೆ. 5 ಸೆಕೆಂಡು ತಡ ಸಹಿಸುವುದಾದರೆ ಮಿತಿ 6,500 ಹಿಂಬಾಲಕರು. ಇದು ಅಂದಾಜು ಮಾತ್ರ, ವರ್ಕರ್‌ಗಳಿಗೆ ಬೇರೆ ಕೆಲಸವೂ ಇದ್ದರೆ ನಿಜವಾದ ವೇಗ ಬೇರೆ ಇರುತ್ತದೆ.

ಮಿತಿ ಮೀರಿದವರ ಪೋಸ್ಟ್ ಅವರದೇ ಪಟ್ಟಿಯಲ್ಲಿರಲಿ. ಓದುವಾಗ ಸಿದ್ಧ ಟೈಮ್‌ಲೈನ್ ಜೊತೆಗೆ, ಆ ಓದುಗರು ಹಿಂಬಾಲಿಸುವ ದೊಡ್ಡ ಖಾತೆಗಳ ಪಟ್ಟಿಯನ್ನಷ್ಟೇ ತಂದು ಸಮಯದ ಪ್ರಕಾರ ಬೆರೆಸಿ. ಖಾತೆ ಮಿತಿ ದಾಟುವ ಹೊತ್ತಿನಲ್ಲಿ ಒಂದೇ ಪೋಸ್ಟ್ ಎರಡೂ ಕಡೆ ಸಿಗುತ್ತದೆ, ಆದ್ದರಿಂದ ಪೋಸ್ಟ್ ಐಡಿ ನೋಡಿ ನಕಲು ತೆಗೆಯಿರಿ. ಮುಂದಿನ ಪುಟವನ್ನೂ ಕೊನೆಯ ಪೋಸ್ಟ್‌ನ ಐಡಿಯಿಂದಲೇ ಕೇಳಿ. ಕ್ರಮಸಂಖ್ಯೆಯಿಂದ ಕೇಳಿದರೆ ನಡುವೆ ಹೊಸ ಪೋಸ್ಟ್ ಬಂದಾಗ ಹಳೆಯವು ಮತ್ತೆ ಕಾಣಿಸುತ್ತವೆ.