ಆ ಕಾಕಾ ಬರೆದುಕೊಂಡರಲ್ಲ!

*ಅಕ್ಕಾ, ನಾನು ಬೆಳಗಾವಿಯ ಹನಿ ನೀರಾವರಿ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದೇನೆ. ಮೊನ್ನೆ ಜಮಖಂಡಿ ಕಡೆಯ ಊರಲ್ಲಿ ಕಬ್ಬಿಗೆ ಡ್ರಿಪ್ ಬಗ್ಗೆ ಸ್ಲೈಡ್ ತೋರಿಸಿ ಮಾತಾಡಿದೆ. ಚೆನ್ನಾಗೇ ಆಯಿತು. ಕೊನೆಗೆ ಹಿರಿಯರೊಬ್ಬರು ಎದ್ದು, "ನಮ್ಮದು ಸವಳು ಹೊಲ ಐತಿ. ಡ್ರಿಪ್ ಹಾಕಿದ್ರ ಉಪ್ಪು ಕಡಿಮಿ ಆಕ್ಕೈತೋ, ಹೆಚ್ಚಾಕ್ಕೈತೋ?" ಎಂದರು. ನನಗೆ ಗೊತ್ತಿರಲಿಲ್ಲ. ಪಕ್ಕದಲ್ಲಿದ್ದ ಮ್ಯಾನೇಜರ್ "ಗೊತ್ತಿಲ್ಲ ಅನಬ್ಯಾಡ, ಏನರ ಹೇಳು" ಎಂದು ಪಿಸುಗುಟ್ಟಿದರು. "ಕಡಿಮಿ ಆಗ್ತದ್ರೀ" ಅಂದುಬಿಟ್ಟೆ. ಅವರು ಬರೆದುಕೊಂಡು ಕೂತರು. ಹಿಂದೆ ಯಾರೋ ನಕ್ಕಂತಾಯಿತು, ಆ ನಗು ಇನ್ನೂ ಕಿವಿಯಲ್ಲಿದೆ. ಮುಂದಿನ ಸಭೆ ಅಥಣಿಯಲ್ಲಿ. ಇಂಥ ಪ್ರಶ್ನೆ ಬಂದರೆ ಮರ್ಯಾದೆ ಉಳಿಸಿಕೊಳ್ಳುವುದು ಹೇಗೆ?*

ತಂಗಿ, ಆ ನಗುವಿನ ಬಗ್ಗೆ ನಾನು ಒಂದು ಮಾತೂ ಆಡುವುದಿಲ್ಲ. "ಬರೆದುಕೊಂಡು ಕೂತರು" ಎಂದು ಅರ್ಧ ಸಾಲಿನಲ್ಲಿ ದಾಟಿಸಿದ್ದೀಯಲ್ಲ, ನನ್ನ ಕಣ್ಣು ಅಲ್ಲೇ ನಿಂತಿದೆ. ಆ ಕಾಕಾ ನಿನ್ನ ಮಾತು ನಂಬಿ ಸಾಲ ಮಾಡಿ ಪೈಪು ಎಳೆಸಬಹುದು. ಕೃಷ್ಣಾ, ಘಟಪ್ರಭಾ ದಂಡೆಯಲ್ಲಿ ಸವಳು-ಜವಳಿಗೆ ಹೊಲ ಕಳೆದುಕೊಂಡವರನ್ನು ಕೇಳಿ ನೋಡು, ಅದೆಂಥ ಪ್ರಶ್ನೆ ಎಂದು ತಿಳಿಯುತ್ತದೆ.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಆ ಮ್ಯಾನೇಜರ್ ಮೇಲೆ. ಹೊಸ ಹುಡುಗಿಯ ಕಿವಿಯಲ್ಲಿ "ಏನರ ಹೇಳು" ಎಂದು ಊದುವ ಬದಲು ತಾನೇ ಎದ್ದು "ಕೇಳಿ ತಿಳಿಸ್ತೀವ್ರಿ" ಅನ್ನಬಹುದಿತ್ತು. ಗೊತ್ತಿಲ್ಲ ಅಂದರೆ ಕಂಪನಿಯ ಹೆಸರು ಕೆಡುತ್ತದೆ ಎಂಬುದು ಇಂಥವರ ಹಳೆಯ ಹೆದರಿಕೆ. ಎರಡು ಹಂಗಾಮು ಕಳೆದ ಮೇಲೆ ಆ ಹೊಲ ಬೆಳ್ಳಗಾದರೆ ಯಾರ ಹೆಸರು ಕೆಡುತ್ತದೆ?

ಈಗ ನೋಡು, ನಿನಗೆ ಏನೂ ಗೊತ್ತಿರಲಿಲ್ಲ ಅನ್ನುವುದೂ ನಿಜವಲ್ಲ. ಹನಿ ಬಿದ್ದಲ್ಲಿಂದ ನೀರು ಮಣ್ಣಿನೊಳಗೆ ಉಳ್ಳಾಗಡ್ಡಿಯ ಆಕಾರದಲ್ಲಿ ಹರಡುತ್ತದೆ ಎಂಬುದು ನಿಮ್ಮ ಸ್ಲೈಡುಗಳಲ್ಲೇ ಇರುತ್ತದೆ. ಉಪ್ಪು ಆ ನೀರಿನ ಜೊತೆಗೇ ಸರಿಯುತ್ತದೆ. ಹಾಗಾಗಿ ಹನಿ ಬೀಳುವ ಜಾಗದಲ್ಲಿ ಉಪ್ಪು ಕಡಿಮೆಯಾಗಿ, ತೇವ ಮುಗಿಯುವ ಅಂಚಿನಲ್ಲಿ ಕೂಡುತ್ತದೆ. ಸಣ್ಣ ಮಳೆ ಬಂದರೆ ಅಂಚಿನ ಆ ಉಪ್ಪು ಮತ್ತೆ ಬೇರಿನ ಕಡೆ ಇಳಿಯುತ್ತದೆ. ಅದಕ್ಕೇ ಸವಳು ಹೊಲದಲ್ಲಿ ಮಳೆ ಶುರುವಾದಾಗ ಡ್ರಿಪ್ ಬಂದ್ ಮಾಡದೆ ಓಡಿಸಬೇಕು. ಒಟ್ಟಾರೆ ಉಪ್ಪು ಏರುತ್ತದೋ ಇಳಿಯುತ್ತದೋ ಎಂಬುದನ್ನು ನೀರಿನಲ್ಲಿರುವ ಉಪ್ಪು ಮತ್ತು ಹೊಲದ ಬಸಿಗಾಲುವೆ ನಿರ್ಧರಿಸುತ್ತವೆ. ಮಣ್ಣು, ನೀರು ಪರೀಕ್ಷೆ ಮಾಡಿಸದೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಪ್ರೊಫೆಸರೂ ಕಾಕಾನಿಗೆ ಒಂದೇ ಮಾತಿನ ಉತ್ತರ ಕೊಡಲಾರರು.

ಅಂದರೆ ಆ ಪ್ರಶ್ನೆಯೊಳಗೆ ನಿನಗೆ ಗೊತ್ತಿದ್ದುದು, ಗೊತ್ತಿಲ್ಲದ್ದು, ಅಳೆಯದೆ ಯಾರಿಗೂ ತಿಳಿಯದ್ದು, ಮೂರೂ ಇದ್ದವು. ನಿಂತಲ್ಲೇ ಇವನ್ನು ಬೇರೆ ಮಾಡಬೇಕು. ಅದಕ್ಕೆ ಸಮಯ ಸಿಗುವುದು ತಿರುಗಿ ಕೇಳುವುದರಿಂದ: "ಕಾಲುವಿ ನೀರೋ, ಬೋರ್ ನೀರೋ ಕಾಕಾ? ಪರೀಕ್ಷಾ ಮಾಡಿಸೀರೇನ್ರಿ?" ಇದು ನೆಪವಲ್ಲ. ಉತ್ತರ ಹೇಳುವವರು ಯಾರೇ ಆದರೂ ಮೊದಲು ಅದನ್ನೇ ಕೇಳುತ್ತಾರೆ. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳು: "ನೀರು ಹ್ಯಾಂಗ ಹರಡ್ತದ ಅನ್ನೋದು ನನಗ ಗೊತ್ತದ. ಉಪ್ಪು ಎಲ್ಲಿ ಹೋಗಿ ನಿಲ್ತದ ಗೊತ್ತಿಲ್ರಿ. ಕೃಷಿ ವಿಜ್ಞಾನ ಕೇಂದ್ರದಾಗ ಕೇಳಿ ಶುಕ್ರವಾರದೊಳಗ ಫೋನ್ ಮಾಡ್ತೀನಿ." ಹೇಳುತ್ತ ಅವರ ಹೆಸರು, ನಂಬರು, ಪ್ರಶ್ನೆ ಬರೆದುಕೋ, ಅಲ್ಲಿ ಬರೆದುಕೊಳ್ಳಬೇಕಾದವಳು ನೀನು. ವಾರದ ಹೆಸರು ಹೇಳದೆ "ನೋಡಿ ಹೇಳ್ತೀನ್ರಿ" ಅಂದರೆ ನಮ್ಮ ಜನ ಅದನ್ನು ಇಲ್ಲ ಅಂತಲೇ ತಿಳಿಯುತ್ತಾರೆ, ತಪ್ಪೂ ಅಲ್ಲ. ಗೊತ್ತಿಲ್ಲ ಅಂದ ಮೇಲೆ ಮತ್ತೆ ಐದು ನಿಮಿಷ ಅದರ ಸುತ್ತಲೇ ಮಾತಾಡಲೂ ಬೇಡ. ಆಗಲೇ ಜನ ನಗುವುದು.

ಅಥಣಿಯ ಮಾತು ಆಮೇಲೆ. ಜಮಖಂಡಿ ಸಭೆಯ ಹಾಜರಿ ಹಾಳೆ ತೆಗೆ, ಕಾಕಾನ ನಂಬರ್ ಅದರಲ್ಲಿರುತ್ತದೆ. ಈ ಸಂಜೆಯೇ ಫೋನ್ ಮಾಡಿ, "ಅವತ್ತು ನಾ ಹೇಳಿದ್ದು ಪೂರ್ತಿ ಸರಿ ಇಲ್ರಿ, ಬರಕೊಂಡಿದ್ದು ತಿದ್ದಿಕೊಳ್ರಿ" ಎಂದು ಹೇಳಿ, ಅಂಚಿನ ಉಪ್ಪಿನ ಮಾತು, ಮಳೆಯ ಮಾತು ತಿಳಿಸು. ಮಣ್ಣು, ನೀರು ಪರೀಕ್ಷೆಯ ವರದಿ ಬರುವ ತನಕ ಡ್ರಿಪ್‌ಗೆ ದುಡ್ಡು ಕಟ್ಟಬೇಡಿ ಅನ್ನು. ಕಾಕಾನಿಗೆ ಫೋನ್ ಮಾಡಿದ ಮೇಲೆ ಮ್ಯಾನೇಜರ್‌ಗೆ ತಿಳಿಸಿದರೆ ಸಾಕು.